ಪಿ2ಪಿಯಲ್ಲಿ ದುಡ್ಡು ಕೊಟ್ಟೆ, ಸೆಲ್ಲರ್ ಕಾಯಿನ್ ರಿಲೀಸ್ ಮಾಡುತ್ತಿಲ್ಲ. ಈಗಲೇ ಏನೇನು ಸಾಕ್ಷಿ ಎತ್ತಿಟ್ಟುಕೊಳ್ಳಬೇಕು?

ಹೊಳಲು_ಹುಡುಗ (ರಾತ್ರಿ 10:05)

ಎಲ್ಲರಿಗೂ ನಮಸ್ಕಾರ. ಮಂಡ್ಯ ಹತ್ತಿರದವನು. ಕೈ ನಡುಗುತ್ತಿದೆ, ತಪ್ಪಿದ್ದರೆ ಕ್ಷಮಿಸಿ.

ಇವತ್ತು ಒಂದು ಕ್ರಿಪ್ಟೋ ಆಪ್‌ನ ಪಿ2ಪಿಯಲ್ಲಿ, ಅಂದರೆ ನೇರವಾಗಿ ಇನ್ನೊಬ್ಬ ವ್ಯಕ್ತಿಯಿಂದ, 500 ಯುಎಸ್‌ಡಿಟಿ ಕಾಯಿನ್ ಕೊಳ್ಳೋಕೆ ಆರ್ಡರ್ ಹಾಕಿದೆ. ರೇಟು 92, ಒಟ್ಟು 46,000 ರೂಪಾಯಿ. ಅಪ್ಪನ ಕಬ್ಬಿನ ದುಡ್ಡು. ಅವರಿಗೆ ಹೇಳಿಯೇ ತೆಗೆದುಕೊಂಡಿದ್ದೆ.

ಆರ್ಡರ್ ತೆರೆದಿದ್ದು 9:12ಕ್ಕೆ. ಹದಿನೈದು ನಿಮಿಷ ಟೈಮರ್. 9:16ಕ್ಕೆ ಆಪ್‌ನಲ್ಲಿ ತೋರಿಸಿದ ಯುಪಿಐ ಐಡಿಗೆ 25,000 ಹಾಕಿದೆ. ಆಮೇಲೆ ಸೆಲ್ಲರ್ ವಾಟ್ಸಾಪ್‌ನಲ್ಲಿ ಮೆಸೇಜ್ ಮಾಡಿದ. ಇವತ್ತಿನ ಲಿಮಿಟ್ ಮುಗಿದಿದೆ, ಉಳಿದಿದ್ದನ್ನು ನನ್ನ ಅಣ್ಣನ ಐಡಿಗೆ ಹಾಕು ಅಂತ. 9:23ಕ್ಕೆ ಆ ಐಡಿಗೆ 21,000 ಹಾಕಿದೆ. ಹೆಸರು ಬೇರೆ ಬಂತು. ಅಣ್ಣ ಅಂದಿದ್ದಾನಲ್ಲ ಅಂತ ಸುಮ್ನಾದೆ. 9:25ಕ್ಕೆ 'ಪಾವತಿಸಿದೆ' ಬಟನ್ ಒತ್ತಿದೆ.

ಈಗ ಅವನು 25,000 ಮಾತ್ರ ಬಂದಿದೆ, ಅಣ್ಣನಿಗೆ ಏನೂ ಬಂದಿಲ್ಲ ಅನ್ನುತ್ತಿದ್ದಾನೆ. ಆರ್ಡರ್ ಕ್ಯಾನ್ಸಲ್ ಮಾಡು, 25,000 ವಾಪಸ್ ಹಾಕ್ತೀನಿ ಅಂತ ಎರಡು ಸಲ ಫೋನ್ ಮಾಡಿದ. ಕ್ಯಾನ್ಸಲ್ ಮಾಡಲಾ?

ಒಂಟಿಕೊಪ್ಪಲ್_ಟ್ರೇಡರ್ (10:07)

ಮಾಡಬೇಡ. ಏನೇ ಆದರೂ ಕ್ಯಾನ್ಸಲ್ ಒತ್ತಬೇಡ. ಬರೀತಾ ಇದ್ದೀನಿ, ಐದು ನಿಮಿಷ ಕೊಡು.

ಮದ್ದೂರು_ರಘು (10:09)

ತಮ್ಮಾ, ಟೆನ್ಷನ್ ಬೇಡ. ಯುಪಿಐ ಆಪ್‌ನಲ್ಲೇ ದೂರು ಅಂತ ಒಂದು ಆಯ್ಕೆ ಇರುತ್ತೆ. ಅಲ್ಲಿ ಹಾಕು, ಮೂರು ದಿನದಲ್ಲಿ ರಿವರ್ಸ್ ಆಗುತ್ತೆ. ನನಗೆ ಹೋದ ವರ್ಷ ಪೆಟ್ರೋಲ್ ಬಂಕ್‌ನಲ್ಲಿ 800 ರೂಪಾಯಿ ಹಾಗೇ ವಾಪಸ್ ಬಂತು.

ಒಂಟಿಕೊಪ್ಪಲ್_ಟ್ರೇಡರ್ (10:15)

ಮೊದಲು ಕ್ಯಾನ್ಸಲ್ ವಿಷಯ. ನೀನು ಆರ್ಡರ್ ಹಾಕಿದ ಕೂಡಲೇ ಅವನ 500 ಕಾಯಿನ್ ಆಪ್‌ನ ಎಸ್ಕ್ರೋದಲ್ಲಿ ಲಾಕ್ ಆಗಿವೆ. ಅವನ ಕೈಯಲ್ಲಿ ಇಲ್ಲ, ನಿನ್ನ ಕೈಯಲ್ಲೂ ಇಲ್ಲ. ನೀನು 'ಪಾವತಿಸಿದೆ' ಒತ್ತಿದ ಮೇಲೆ ಟೈಮರ್ ಮುಗಿದರೂ ಆರ್ಡರ್ ತಾನಾಗಿ ರದ್ದಾಗಲ್ಲ. ಅವನಿಗೆ ರದ್ದು ಮಾಡೋಕೂ ಬರಲ್ಲ. ರದ್ದು ಮಾಡುವ ಬಟನ್ ಈಗ ನಿನ್ನ ಹತ್ತಿರ ಮಾತ್ರ ಇದೆ. ಅದಕ್ಕೇ ಫೋನ್ ಮೇಲೆ ಫೋನ್ ಮಾಡ್ತಿದ್ದಾನೆ. ನೀನು ಒತ್ತಿದ ಮರುಕ್ಷಣ ಕಾಯಿನ್ ಅವನಿಗೆ ವಾಪಸ್, 25,000 ಕೂಡ ಅವನ ಹತ್ತಿರವೇ.

ಎರಡನೇದು, ಈಗಲೇ ಅಪೀಲ್ ಹಾಕು. ಆರ್ಡರ್ ಪುಟದಲ್ಲೇ ಇರುತ್ತೆ. 'ಪಾವತಿಸಿದೆ' ಒತ್ತಿ ಸ್ವಲ್ಪ ಹೊತ್ತಾದ ಮೇಲೆ ಆ ಬಟನ್ ತೆರೆದುಕೊಳ್ಳುತ್ತೆ. ನಿನಗೆ ಆಗಲೇ ತೆರೆದಿರಬೇಕು.

ಒಂದು ಪ್ರಶ್ನೆ. ಅಣ್ಣನ ಐಡಿಗೆ ಹಾಕು ಅಂದಿದ್ದು ವಾಟ್ಸಾಪ್‌ನಲ್ಲೋ, ಆಪ್ ಒಳಗಿನ ಆರ್ಡರ್ ಚಾಟ್‌ನಲ್ಲೋ? ಸರಿಯಾಗಿ ನೋಡಿ ಹೇಳು.

ಹೊಳಲು_ಹುಡುಗ (10:18)

ಆರ್ಡರ್ ಚಾಟ್‌ನಲ್ಲಿ 'ಬ್ರೋ, ವಾಟ್ಸಾಪ್ ನೋಡು' ಅಂತ ಮಾತ್ರ ಇದೆ. ಐಡಿ ಕೊಟ್ಟಿದ್ದು ವಾಟ್ಸಾಪ್‌ನಲ್ಲಿ. ನನ್ನ ನಂಬರ್ ನಾನೇ ಆರ್ಡರ್ ಚಾಟ್‌ನಲ್ಲಿ ಕೊಟ್ಟಿದ್ದೆ ಅಣ್ಣ. ಅಪೀಲ್ ಹಾಕಿದೆ.

ಒಂಟಿಕೊಪ್ಪಲ್_ಟ್ರೇಡರ್ (10:20)

ಅಲ್ಲಿಗೆ ನಿನ್ನ 46,000 ಎರಡು ಬೇರೆ ಬೇರೆ ಕೇಸ್ ಆಯಿತು. 25,000 ಗಟ್ಟಿ. 21,000 ಕಷ್ಟ.

ಶಾರದಾ_ಸರಸ್ವತಿಪುರಂ (10:24)

ನಾನು 31 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ರಘು ಅವರೇ, ನಿಮ್ಮ 800 ರೂಪಾಯಿ ವಾಪಸ್ ಬಂದಿದ್ದು ಅದು ಎದುರಿನ ಖಾತೆಗೆ ಜಮೆಯೇ ಆಗಿರದ ಕಾರಣಕ್ಕೆ. ಈ ಹುಡುಗ ತಾನಾಗಿ ಪಿನ್ ಹಾಕಿ ಕಳಿಸಿದ್ದಾನೆ, ಅಲ್ಲಿ ಜಮೆಯೂ ಆಗಿದೆ. ಅಂಥದ್ದನ್ನು ಖಾತೆದಾರ ಒಪ್ಪದೆ ಬ್ಯಾಂಕು ತಾನಾಗಿ ಹಿಂದಕ್ಕೆ ಎಳೆಯುವುದಿಲ್ಲ. ಹಾಗಂತ ನಂಬಿಕೊಂಡು ಮೂರು ದಿನ ಕೂತರೆ ಆ ಖಾತೆಯಲ್ಲಿ ಬಿಡಿಗಾಸೂ ಉಳಿದಿರುವುದಿಲ್ಲ.

ಮಗು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಈಗಲೇ, ರಾತ್ರಿಯೇ. ಆ 21,000 ಹೋಗಿ ಒಂದು ಗಂಟೆಯಾಯಿತು. ಅವರು ದೂರು ದಾಖಲಿಸಿಕೊಂಡರೆ ಆ ಬ್ಯಾಂಕಿಗೆ ಸುದ್ದಿ ಹೋಗಿ, ಖಾತೆಯಲ್ಲಿ ಉಳಿದಿರುವಷ್ಟು ಹಣವನ್ನು ಹಿಡಿದಿಡುತ್ತಾರೆ. ಅಲ್ಲಿಂದ ಮುಂದಿನ ಖಾತೆಗೆ ಹೋಗಿದ್ದರೆ ಅಲ್ಲೂ ಹಿಂಬಾಲಿಸುತ್ತಾರೆ. ಎಟಿಎಂನಿಂದ ನಗದಾಗಿ ತೆಗೆದುಬಿಟ್ಟರೆ ಹಿಡಿಯುವುದಕ್ಕೆ ಏನೂ ಇರುವುದಿಲ್ಲ. ಲೈನ್ ಸಿಗದಿದ್ದರೆ cybercrime.gov.in ನಲ್ಲಿ ನೀನೇ ದಾಖಲಿಸು.

ಫೋನ್ ಮಾಡುವಾಗ ಕೈಯಲ್ಲಿ ಯುಟಿಆರ್, ಅಂದರೆ ಆ ಪಾವತಿಯ ಬ್ಯಾಂಕ್ ಗುರುತಿನ ಸಂಖ್ಯೆ, ಇರಲಿ. ಯುಪಿಐಯಲ್ಲಿ ಅದು 12 ಅಂಕಿ. ಆಪ್‌ನಲ್ಲಿ ಅದರ ಪಕ್ಕದಲ್ಲೇ ಇಂಗ್ಲಿಷ್ ಅಕ್ಷರ ಸೇರಿದ ಇನ್ನೊಂದು ಉದ್ದದ ವ್ಯವಹಾರ ಸಂಖ್ಯೆ ಇರುತ್ತದೆ. ಅದನ್ನೇ ಯುಟಿಆರ್ ಅಂದುಕೊಂಡು ಕೊಡುವವರು ಬಹಳ ಜನ. ಬ್ಯಾಂಕಿನವರಿಗೆ ಬೇಗ ಸಿಗುವುದು ಆ 12 ಅಂಕಿಯಿಂದ.

ಕೆರೆ_ಏರಿ (10:26)

ಕ್ರಿಪ್ಟೋ ಅಂತ ಪೊಲೀಸರ ಹತ್ತಿರ ಹೋದರೆ ನಿನ್ನನ್ನೇ ಒಳಗೆ ಹಾಕ್ತಾರೆ. ನಮ್ಮ ದೇಶದಲ್ಲಿ ಬ್ಯಾನ್ ಅಲ್ವಾ ಅದು?

ಕುವೆಂಪುನಗರ_ವಕೀಲ (10:33)

ಬ್ಯಾನ್ ಇಲ್ಲ ಸಾರ್. ಆರ್‌ಬಿಐ 2018ರ ಏಪ್ರಿಲ್‌ನಲ್ಲಿ ಬ್ಯಾಂಕುಗಳಿಗೆ ಒಂದು ಸುತ್ತೋಲೆ ಹೊರಡಿಸಿತ್ತು. ಕ್ರಿಪ್ಟೋ ವ್ಯವಹಾರದವರಿಗೆ ಸೇವೆ ಕೊಡಬೇಡಿ ಅಂತ. ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಅದನ್ನು ರದ್ದು ಮಾಡಿತು. 2022ರಿಂದ ಲಾಭದ ಮೇಲೆ ಶೇಕಡಾ 30 ತೆರಿಗೆ ಇದೆ. ಕಾನೂನುಬದ್ಧ ನಾಣ್ಯ ಅಲ್ಲ ಅನ್ನೋದು ನಿಜ. ಆದರೆ ಕೊಳ್ಳೋದು ಅಪರಾಧ ಅಲ್ಲ. ಮೋಸ ಹೋದವನು ದೂರು ಕೊಡಬಹುದು. ಈ ಹೆದರಿಕೆಯನ್ನೇ ಮೋಸಗಾರರು ಬಂಡವಾಳ ಮಾಡಿಕೊಂಡಿರೋದು. ದಯವಿಟ್ಟು ಹರಡಬೇಡಿ.

ಹುಡುಗಾ, ದೂರಿನಲ್ಲಿ 'ಕ್ರಿಪ್ಟೋ ಹೋಯಿತು' ಅಂತ ಬರೆಯಬೇಡ. ನಿನ್ನ ಕ್ರಿಪ್ಟೋ ಹೋಗಿಲ್ಲ, ಹೋಗಿರೋದು ರೂಪಾಯಿ. ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ಖಾತೆಯಿಂದ ಇಂಥ ಯುಪಿಐ ಐಡಿಗೆ, ಇಂಥ ಮಾತು ನಂಬಿ 21,000 ಕಳಿಸಿದೆ, ಮಾತಿನಂತೆ ನಡೆಯಲಿಲ್ಲ. ಹೀಗೆ ಬರಿ. ಠಾಣೆಯಲ್ಲಿ ಕೂತವರಿಗೆ ಯುಎಸ್‌ಡಿಟಿ ಗೊತ್ತಿರಲಿ, ಇಲ್ಲದಿರಲಿ, ದುಡ್ಡಿನ ದಾರಿ ಅರ್ಥ ಆಗುತ್ತೆ. ಭಾರತೀಯ ನ್ಯಾಯ ಸಂಹಿತೆಯ 318(4), ವಂಚನೆ. ಮಂಡ್ಯದಲ್ಲೂ ಮೈಸೂರಿನಲ್ಲೂ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಠಾಣೆ ಇದೆ. ನೀನು ಮಂಡ್ಯದ್ದಕ್ಕೆ ಹೋಗು.

ಹೊಳಲು_ಹುಡುಗ (10:51)

1930 ಮೂರನೇ ಸಲಕ್ಕೆ ಸಿಕ್ಕಿತು. 21,000ದ ಬಗ್ಗೆ ಮಾತ್ರ ಹೇಳಿದೆ. ದೂರಿನ ನಂಬರ್ ಮೆಸೇಜ್ ಬಂದಿದೆ. ಶಾರದಮ್ಮ, ನೀವು ಹೇಳಿದ ಹಾಗೇ ನಾನು ಮೊದಲು ಆ ಉದ್ದದ ನಂಬರೇ ಓದುತ್ತಿದ್ದೆ. ಅವರು 12 ಅಂಕಿಯದ್ದೇ ಬೇಕು ಅಂದರು.

ಶ್ರೀರಂಗಪಟ್ಟಣ_ಮೊಬೈಲ್ಸ್ (10:58)

ನನ್ನದೂ ಇದೇ ಸಮಸ್ಯೆ, ಐದು ತಿಂಗಳಾಯಿತು. ನಾನು 300 ಯುಎಸ್‌ಡಿಟಿ ಮಾರಿದೆ, ದುಡ್ಡು ಬಂತು, ರಿಲೀಸ್ ಮಾಡಿದೆ. ಹತ್ತು ದಿನದ ಮೇಲೆ ನನ್ನ ಖಾತೆಯೇ ಫ್ರೀಜ್. ಯಾವುದೋ ಊರಿನ ದೂರಂತೆ. ಅಂಗಡಿಯ ದುಡ್ಡೆಲ್ಲ ಅದೇ ಖಾತೆಯಲ್ಲಿತ್ತು. ಮಾಲು ತರೋಕೆ ಭಾವನ ಹತ್ತಿರ ಸಾಲ ಮಾಡಿದೆ. ಪರಿಹಾರ ಹೇಳಿ.

ಮದ್ದೂರು_ರಘು (11:00)

ಸಾರ್, ಅವನು ಕೊಂಡವನು. ನೀವು ಮಾರಿದವರು. ಇದು ಬೇರೆ ವಿಷಯ. ಬೇರೆ ಚರ್ಚೆ ತೆರೆಯಿರಿ.

ಒಂಟಿಕೊಪ್ಪಲ್_ಟ್ರೇಡರ್ (11:09)

ರಘು, ಬೇರೆ ಅಲ್ಲ. ಇದು ಅದೇ ನಾಟಕದ ಇನ್ನೊಂದು ಪಾತ್ರ ಇರಬಹುದು.

ನೋಡಿ. ಕಳ್ಳ ಒಂದು ಕಡೆ ಸೆಲ್ಲರ್ ಆಗಿ ಕೂತಿದ್ದಾನೆ. ಇನ್ನೊಂದು ಕಡೆ, ಬೇರೆ ಆಪ್‌ನಲ್ಲಿ, ಬೈಯರ್ ಆಗಿ ಯಾರದೋ 21,000ದ ಕಾಯಿನ್‌ಗೆ ಆರ್ಡರ್ ಹಾಕಿರುತ್ತಾನೆ. ಆ ಮಾರುವವರ ಐಡಿಯನ್ನು 'ಅಣ್ಣನದು' ಅಂತ ನಮ್ಮ ಹುಡುಗನಿಗೆ ಕೊಡುತ್ತಾನೆ. ಹುಡುಗ ದುಡ್ಡು ಹಾಕುತ್ತಾನೆ. ಆ ಮಾರುವವರಿಗೆ ದುಡ್ಡು ಬಂತು, ಕಾಯಿನ್ ಕಳ್ಳನಿಗೆ ರಿಲೀಸ್ ಮಾಡಿದರು. ಕಳ್ಳನ ಹೆಸರಲ್ಲಿ ಒಂದು ರೂಪಾಯಿಯ ವ್ಯವಹಾರವೂ ಇಲ್ಲ. ಹುಡುಗ ದೂರು ಕೊಟ್ಟರೆ ಫ್ರೀಜ್ ಆಗೋದು ಆ ಮೂರನೆಯವರ ಖಾತೆ.

ಮೊಬೈಲ್ಸ್ ಸಾರ್, ನಿಮಗೆ ದುಡ್ಡು ಹಾಕಿದವರ ಹೆಸರೂ ಆಪ್‌ನಲ್ಲಿದ್ದ ಬೈಯರ್ ಹೆಸರೂ ಒಂದೇನಾ? ಸ್ಟೇಟ್‌ಮೆಂಟ್ ತೆಗೆದು ನೋಡಿ.

ಶ್ರೀರಂಗಪಟ್ಟಣ_ಮೊಬೈಲ್ಸ್ (11:21)

ನೋಡಿದೆ. ಬೇರೆ. ಹೆಣ್ಣುಮಗಳೊಬ್ಬರ ಹೆಸರು. ಆಪ್‌ನಲ್ಲಿ ಗಂಡಸಿನ ಹೆಸರು. ಅವತ್ತು ನಾನು ಮೊತ್ತ ಮಾತ್ರ ನೋಡಿದ್ದೆ.

ಈಗ ಆ ಹುಡುಗ 1930ಕ್ಕೆ ಕೊಟ್ಟಿದ್ದರಿಂದ ನನ್ನ ಥರದವನೇ ಇನ್ನೊಬ್ಬ ಸಿಕ್ಕಿಹಾಕಿಕೊಳ್ಳುತ್ತಾನಲ್ಲ ಸಾರ್. ಮೊದಲು ಆ ಐಡಿಯವರಿಗೆ ಒಂದು ಫೋನ್ ಮಾಡಿ ಕೇಳಬಾರದಾ?

ಶಾರದಾ_ಸರಸ್ವತಿಪುರಂ (11:26)

ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಫೋನ್ ಮಾಡಿ ಕೇಳುತ್ತಾ ಕೂರಲು ಆಗುವುದಿಲ್ಲ. ಆ ಖಾತೆ ಕಳ್ಳನದೇ ಆಗಿದ್ದರೆ ಎಚ್ಚರಿಸಿದಂತಾಯಿತು. ಅಮಾಯಕರದಾಗಿದ್ದರೆ ಅವರ ಬಳಿ ಆರ್ಡರ್ ದಾಖಲೆ ಇರುತ್ತದೆ, ಅದನ್ನು ತನಿಖೆ ಮಾಡುವವರಿಗೆ ತೋರಿಸಬಹುದು. ನೀವೂ ಅದನ್ನೇ ಮಾಡಿ. ಯಾವ ಠಾಣೆ, ದೂರಿನ ಸಂಖ್ಯೆ ಎಷ್ಟು ಅಂತ ನಿಮ್ಮ ಬ್ಯಾಂಕಿನಿಂದ ಲಿಖಿತವಾಗಿ ತೆಗೆದುಕೊಳ್ಳಿ.

ಶ್ರೀರಂಗಪಟ್ಟಣ_ಮೊಬೈಲ್ಸ್ (11:28)

ಐದು ತಿಂಗಳಿಂದ ತೋರಿಸುತ್ತಲೇ ಇದ್ದೀನಿ ಮೇಡಂ. ಹೇಳೋದು ಸುಲಭ.

ಹೊಳಲು_ಹುಡುಗ (11:34)

ಅಪೀಲ್‌ಗೆ ಉತ್ತರ ಬಂತು. ಪಾವತಿಯ ಸಾಕ್ಷಿ ಕೊಡಿ, 24 ಗಂಟೆಯೊಳಗೆ ಅಂತ. ನನ್ನ ಹತ್ತಿರ ಎರಡು ಸ್ಕ್ರೀನ್‌ಶಾಟ್ ಇವೆ. ಸಾಕಾ?

ಒಂಟಿಕೊಪ್ಪಲ್_ಟ್ರೇಡರ್ (11:47)

ಸಾಲಲ್ಲ. ಸ್ಕ್ರೀನ್‌ಶಾಟ್ ಯಾರು ಬೇಕಾದರೂ ತಿದ್ದಬಹುದು ಅನ್ನೋದು ಅವರಿಗೂ ಗೊತ್ತು. ಸ್ಕ್ರೀನ್ ರೆಕಾರ್ಡಿಂಗ್ ಮಾಡು. ಫೋನಿನ ಮುಖಪುಟದಿಂದ ಶುರು ಮಾಡು. ಬ್ಯಾಂಕ್ ಆಪ್ ತೆರೆ, ನಿನ್ನ ಹೆಸರು ಕಾಣಲಿ, ವ್ಯವಹಾರಗಳ ಪಟ್ಟಿಗೆ ಹೋಗು, 25,000 ಒತ್ತು. ಮೊತ್ತ, ಹೊತ್ತು, ಯುಟಿಆರ್, ಪಡೆದವರ ಹೆಸರು ಎಲ್ಲ ಕಂಡ ಮೇಲೆ ಐದು ಸೆಕೆಂಡ್ ಹಾಗೇ ಬಿಡು. ನಡುವೆ ಕಟ್ ಮಾಡಬೇಡ. ಕೆಲವು ಬ್ಯಾಂಕ್ ಆಪ್‌ಗಳು ರೆಕಾರ್ಡ್ ಆಗೋಕೆ ಬಿಡಲ್ಲ, ಪರದೆ ಕಪ್ಪಾಗುತ್ತೆ. ಹಾಗಾದರೆ ಮನೆಯವರ ಫೋನ್‌ನಿಂದ ನಿನ್ನ ಫೋನಿನ ವಿಡಿಯೊ ತೆಗಿ.

ಆಮೇಲೆ ಬ್ಯಾಂಕಿನಿಂದ ಪಿಡಿಎಫ್ ಸ್ಟೇಟ್‌ಮೆಂಟ್ ಇಳಿಸಿಕೋ. ಅದನ್ನು ಪ್ರಿಂಟ್ ಮಾಡಿ ಫೋಟೊ ಹೊಡೆದು ಕಳಿಸಬೇಡ, ಬಂದ ಫೈಲ್ ಹಾಗೇ ಕೊಡು.

ಈಗ ಮುಖ್ಯವಾದದ್ದು. ದುಡ್ಡು ಹೋಗಿದೆ ಅಂತ ತೋರಿಸಿದರೆ ಅರ್ಧ ಕೆಲಸ. ಆ ದುಡ್ಡು ಈ ಆರ್ಡರ್‌ಗೇ ಹೋಗಿದೆ ಅಂತ ತೋರಿಸಬೇಕು. ಆರ್ಡರ್ ಪುಟದಲ್ಲಿ ಆರ್ಡರ್ ನಂಬರ್, ಸೆಲ್ಲರ್‌ನ ದೃಢೀಕೃತ ಹೆಸರು, ಅವನು ಕೊಟ್ಟ ಯುಪಿಐ ಐಡಿ ಇರುತ್ತೆ. ಆ ಹೆಸರು, ನಿನ್ನ ಬ್ಯಾಂಕ್ ದಾಖಲೆಯಲ್ಲಿ 25,000 ಪಡೆದವನ ಹೆಸರು, ಎರಡೂ ಒಂದೇ ಇದ್ದರೆ ಅವನಿಗೆ ತಪ್ಪಿಸಿಕೊಳ್ಳೋಕೆ ಜಾಗ ಇಲ್ಲ. ಅದಕ್ಕೇ ಗಟ್ಟಿ ಅಂದಿದ್ದು. 21,000ಕ್ಕೆ ಆ ಕೊಂಡಿ ಆಪ್ ಒಳಗೆ ಇಲ್ಲ. ವಾಟ್ಸಾಪ್‌ನಲ್ಲಿ ಮಾತ್ರ ಇದೆ. ಆಪ್‌ನವರು ಹೊರಗಿನ ಚಾಟ್ ಅಂತ ಪಕ್ಕಕ್ಕಿಡಬಹುದು, ಒಪ್ಪಲೂಬಹುದು. ನಾನು ಎರಡೂ ನೋಡಿದ್ದೀನಿ.

ಒಂದು ಕೆಲಸ ಮಾಡು. ಈಗ ಆರ್ಡರ್ ಚಾಟ್ ಒಳಗೇ ಅವನಿಗೆ ಬರಿ: 'ನೀವು 9:18ಕ್ಕೆ ವಾಟ್ಸಾಪ್‌ನಲ್ಲಿ ಕೊಟ್ಟ ಈ ಐಡಿಗೆ 21,000 ಹಾಕಿದ್ದೇನೆ, ಯುಟಿಆರ್ ಇದು. ನಿಮ್ಮ ಅಣ್ಣನಿಗೆ ಬಂದಿದೆಯಾ?' ಬೈಬೇಡ. ಅವನು ಏನು ಉತ್ತರ ಕೊಟ್ಟರೂ, ಆ ಐಡಿ ನನ್ನದಲ್ಲ ಅನ್ನದೇ ಇದ್ದರೆ, ಕೊಂಡಿ ಆಪ್ ಒಳಗೆ ಬಂತು.

ವಿಜಯ_ವಿದ್ಯಾರ್ಥಿನಿ (11:52)

ವಾಟ್ಸಾಪ್‌ದು ಈಗಲೇ ತೆಗೆದಿಟ್ಟುಕೊಳ್ಳಿ. ಅವನು 'ಎಲ್ಲರಿಗೂ ಅಳಿಸು' ಒತ್ತಿದರೆ ನಿಮ್ಮ ಕಡೆಯೂ ಹೋಗುತ್ತೆ. ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಚಾಟ್ ಎಕ್ಸ್‌ಪೋರ್ಟ್. ಅವನ ನಂಬರ್ ಅನ್ನು ಹೆಸರು ಹಾಕಿ ಸೇವ್ ಮಾಡಬೇಡಿ. ಸೇವ್ ಮಾಡಿದರೆ ಮೇಲ್ಗಡೆ ನೀವು ಕೊಟ್ಟ ಹೆಸರು ಬರುತ್ತೆ, ನಂಬರ್ ಕಾಣಲ್ಲ.

ಹೊಳಲು_ಹುಡುಗ (ಮಧ್ಯರಾತ್ರಿ 12:10)

ಅಯ್ಯೋ. ಮೂರು ಮೆಸೇಜ್ ಅಳಿಸಿದ್ದಾನೆ. ಐಡಿ ಕೊಟ್ಟಿದ್ದೂ ಅದರಲ್ಲೇ ಇತ್ತು. ನಾನು ಆಗ ಅದನ್ನು ನೋಡಿ ಟೈಪ್ ಮಾಡಿದ್ದೆ ಅಷ್ಟೇ.

ವಿಜಯ_ವಿದ್ಯಾರ್ಥಿನಿ (12:12)

ಆ ಐಡಿಯನ್ನು ನೀವು ಯಾರಿಗಾದರೂ ಫಾರ್ವರ್ಡ್ ಮಾಡಿದ್ದೀರಾ? ಅಥವಾ ಅದೇ ಮೆಸೇಜ್‌ಗೆ ರಿಪ್ಲೈ ಮಾಡಿದ್ದೀರಾ? ಮೆಸೇಜ್ ಅಳಿಸಿದರೂ ನೀವು ರಿಪ್ಲೈ ಮಾಡಿದಾಗ ಮೇಲೆ ಸೇರಿಕೊಂಡ ತುಣುಕು ಕೆಲವು ಸಲ ಉಳಿದಿರುತ್ತೆ. ಆಂಡ್ರಾಯ್ಡ್ ಆದರೆ ನೋಟಿಫಿಕೇಶನ್ ಹಿಸ್ಟರಿ ಕೂಡ ನೋಡಿ. ಮೊದಲೇ ಆನ್ ಆಗಿದ್ದರೆ ಮಾತ್ರ ಸಿಗುತ್ತೆ, ಅದೂ 24 ಗಂಟೆಯದ್ದು.

ಹೊಳಲು_ಹುಡುಗ (12:19)

ಸಿಕ್ಕಿತು!! 'ಈ ಹೆಸರು ಬರ್ತಿದೆ, ಸರಿನಾ?' ಅಂತ ರಿಪ್ಲೈ ಮಾಡಿದ್ದೆ. ಅದರ ಮೇಲೆ ಅವನ ಮೆಸೇಜ್ ಇದೆ, ಐಡಿ ಪೂರ್ತಿ ಕಾಣ್ತಿದೆ. ಕೆಳಗೆ ಅವನು 'ಹೂಂ' ಅಂದಿದ್ದೂ ಇದೆ. ಅದನ್ನು ಅಳಿಸೋಕೆ ಮರೆತಿದ್ದಾನೆ. ರೆಕಾರ್ಡ್ ಮಾಡಿಕೊಂಡೆ.

ಶಾರದಾ_ಸರಸ್ವತಿಪುರಂ (12:21)

ಆ ಒಂದು 'ಹೂಂ' ದೊಡ್ಡದು ಮಗು. ಜೋಪಾನ.

ಕುವೆಂಪುನಗರ_ವಕೀಲ (12:30)

ಆ ಫೋನನ್ನು ರೀಸೆಟ್ ಮಾಡಬೇಡ, ಮಾರಬೇಡ, ವಾಟ್ಸಾಪ್ ತೆಗೆದು ಮತ್ತೆ ಹಾಕಬೇಡ. ಪ್ರಿಂಟ್ ಮಾಡಿದ ಸ್ಕ್ರೀನ್‌ಶಾಟ್ ಕೋರ್ಟಿಗೆ ನಕಲು ಅಷ್ಟೇ. ಅದರ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಬೇಕು. ಮುಂಚೆ 65ಬಿ ಅಂತಿತ್ತಲ್ಲ, ಅದೇ. 2024ರ ಜುಲೈ 1ರಿಂದ ಹೊಸದು. ಹೊಸ ನಮೂನೆಯಲ್ಲಿ ಫೈಲಿನ ಹ್ಯಾಶ್ ಕೂಡ ಬರೀಬೇಕು.

ವಿಜಯ_ವಿದ್ಯಾರ್ಥಿನಿ (12:34)

ಹ್ಯಾಶ್ ತೆಗೆಯೋದು ಸುಲಭ. ರೆಕಾರ್ಡಿಂಗ್ ಅನ್ನು ಕೇಬಲ್ ಹಾಕಿ ಕಂಪ್ಯೂಟರ್‌ಗೆ ಹಾಕಿಕೊಳ್ಳಿ. ವಾಟ್ಸಾಪ್‌ನಲ್ಲಿ ವಿಡಿಯೊ ಆಗಿ ಕಳಿಸಿಕೊಂಡರೆ ಕುಗ್ಗಿಸಿಬಿಡುತ್ತೆ, ಫೈಲೇ ಬೇರೆ ಆಗುತ್ತೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು:

```
certutil -hashfile record1.mp4 SHA256
```

ಬರುವ ಉದ್ದದ ಸಾಲನ್ನು ದಿನಾಂಕದ ಜೊತೆ ಬರೆದಿಟ್ಟುಕೊಳ್ಳಿ. ಮುಂದೆ ಯಾರಾದರೂ ತಿದ್ದಿದ್ದಾರೆ ಅಂದರೆ ಅದೇ ಉತ್ತರ.

ಕೆರೆ_ಏರಿ (12:40)

ವಕೀಲರು ಹೇಳಿದ್ದನ್ನು ಒಪ್ಪುತ್ತೇನೆ, ಬ್ಯಾನ್ ಅಂತ ನಾನು ತಪ್ಪಾಗಿ ತಿಳಿದಿದ್ದೆ. ಆದರೆ ಯುಪಿಐ ಕಳಿಸುವಾಗ ಟಿಪ್ಪಣಿಯಲ್ಲಿ ಯುಎಸ್‌ಡಿಟಿ ಅಂತ ಬರೆದಿದ್ದರೆ ಒಳ್ಳೆ ಸಾಕ್ಷಿ ಆಗ್ತಿತ್ತು ಅಲ್ವಾ?

ಒಂಟಿಕೊಪ್ಪಲ್_ಟ್ರೇಡರ್ (12:43)

ಬೇಡ. ಅನೇಕ ಸೆಲ್ಲರ್‌ಗಳ ಷರತ್ತಿನಲ್ಲೇ ಇರುತ್ತೆ, ಕ್ರಿಪ್ಟೋ ಹೆಸರು ಬರೀಬೇಡಿ ಅಂತ. ಬರೆದರೆ ಅದೇ ನೆಪ ಮಾಡಿ ರಿಲೀಸ್ ತಡೀತಾರೆ.

ಕುವೆಂಪುನಗರ_ವಕೀಲ (12:45)

ನನಗೆ ಇದು ಒಪ್ಪಿಗೆ ಇಲ್ಲ. ನಿಜವಾದ ಉದ್ದೇಶ ಬರೆದರೆ ಕೋರ್ಟಿನಲ್ಲಿ ನಿನಗೇ ಬಲ. ಮುಚ್ಚಿಡೋದು ಯಾಕೆ?

ಒಂಟಿಕೊಪ್ಪಲ್_ಟ್ರೇಡರ್ (12:47)

ಕೋರ್ಟಿಗೆ ಹೋಗೋ ಮುಂಚೆ ಅಪೀಲ್ ಗೆಲ್ಲಬೇಕಲ್ಲ ಸಾರ್. ಆರ್ಡರ್ ನಂಬರ್‌ನ ಕೊನೆಯ ನಾಲ್ಕು ಅಂಕಿ ಬರೆದರೆ ಸಾಕು.

ಹೊಳಲು_ಹುಡುಗ (ಮರುದಿನ ಬೆಳಿಗ್ಗೆ 7:40)

ರಾತ್ರಿ ಎಲ್ಲ ಅಪ್‌ಲೋಡ್ ಮಾಡಿ ಮಲಗಿದೆ. ಬೆಳಿಗ್ಗೆ ಎದ್ದರೆ ಇಬ್ಬರು ಇನ್‌ಬಾಕ್ಸ್‌ಗೆ ಬಂದಿದ್ದಾರೆ. 'ನಿಮ್ಮ ಕಾಯಿನ್ ವಾಪಸ್ ತರಿಸಿಕೊಡ್ತೀವಿ, ಮುಂಗಡ 3,000' ಅಂತ. ಒಬ್ಬರು ಆಪ್‌ನವರ ಲೋಗೊ ಹಾಕಿಕೊಂಡಿದ್ದಾರೆ.

ಶಾರದಾ_ಸರಸ್ವತಿಪುರಂ (7:44)

ಎರಡನೇ ಮೋಸ ಅದು. ಓಟಿಪಿ, ಪಾಸ್‌ವರ್ಡ್ ಏನೂ ಕೊಡಬೇಡ. ಸ್ಕ್ರೀನ್‌ಶಾಟ್ ತೆಗೆದುಕೊಂಡು ಬ್ಲಾಕ್ ಮಾಡು.

ಮದ್ದೂರು_ರಘು (8:15)

ನಿನ್ನೆ ನಾನು ಹೇಳಿದ್ದನ್ನು ಕೇಳಿದ್ದರೆ ಕೆಟ್ಟದಾಗ್ತಿತ್ತು, ಕ್ಷಮಿಸು ತಮ್ಮಾ. ಇವತ್ತು ಠಾಣೆಗೆ ಹೋಗೋದಾದರೆ ಬೈಕ್‌ನಲ್ಲಿ ಬರ್ತೀನಿ, ಒಬ್ಬನೇ ಹೋಗಬೇಡ. ಒಂದು ಅನುಮಾನ. 25,000ದ ಬಗ್ಗೆಯೂ ದೂರು ಕೊಡಬೇಕಲ್ವಾ? ಬರೀ 21,000 ಯಾಕೆ?

ಒಂಟಿಕೊಪ್ಪಲ್_ಟ್ರೇಡರ್ (8:22)

ಅಪೀಲ್ ತೀರ್ಮಾನ ಆಗಲಿ. ಅತ್ತ ಕಾಯಿನ್ ಬಂದು, ಇತ್ತ ಅದೇ ದುಡ್ಡಿಗೆ ದೂರೂ ಇದ್ದರೆ ಹುಡುಗನೇ ಸುಳ್ಳುಗಾರ ಆಗ್ತಾನೆ.

ಕುವೆಂಪುನಗರ_ವಕೀಲ (8:40)

ನಾನಾದರೆ ಲಿಖಿತ ದೂರಿನಲ್ಲಿ ಪೂರ್ತಿ 46,000ದ ಕಥೆ ಬರೆದು, 25,000 ಅಪೀಲ್‌ನಲ್ಲಿದೆ ಅಂತ ಸ್ಪಷ್ಟವಾಗಿ ಹೇಳ್ತೀನಿ. ಕಾಯಿನ್ ಬಂದರೆ ಅವತ್ತೇ ಠಾಣೆಗೆ ತಿಳಿಸಿದರಾಯಿತು. ಅರ್ಧ ಕಥೆ ಹೇಳಿದರೆ ನಾಳೆ ಅದೇ ಪ್ರಶ್ನೆ ಆಗುತ್ತೆ.

ಹೊಳಲು_ಹುಡುಗ (ನಾಲ್ಕನೇ ದಿನ, ಸಂಜೆ 6:30)

ಏನಾಯಿತು ಅಂತ ಹೇಳಬೇಕಲ್ಲ, ಇಷ್ಟು ಜನ ನಿಂತಿದ್ದೀರಿ.

ಆರ್ಡರ್ ಚಾಟ್‌ನಲ್ಲಿ ನಾನು ಕೇಳಿದ್ದಕ್ಕೆ ಅವನು 'ಅಣ್ಣನ ಬ್ಯಾಂಕ್ ಸರ್ವರ್ ಡೌನ್' ಅಂತ ಬರೆದ. ಅಲ್ಲಿಗೆ ಐಡಿ ತನ್ನದೇ ಕಡೆಯದು ಅಂತ ಒಪ್ಪಿಕೊಂಡ ಹಾಗಾಯಿತು. ಆಪ್‌ನವರು ಅವನ ಸ್ಟೇಟ್‌ಮೆಂಟ್ ಕೇಳಿದರು. ಎರಡು ದಿನ ಕೊಟ್ಟರು, ಕೊಡಲಿಲ್ಲ. ಆಮೇಲೆ ಅವನೇ 25,000 ವಾಪಸ್ ಹಾಕಿದ. ಅದರ ಬೆನ್ನಲ್ಲೇ ಈಗ ಕ್ಯಾನ್ಸಲ್ ಮಾಡು ಅಂತ ಫೋನ್. ನಾನು ಮಾಡಿಲ್ಲ. 25,000 ಬಂದಿದೆ, 21,000 ಬಾಕಿ ಅಂತ ಅಪೀಲ್‌ನಲ್ಲಿ ಬರೆದಿದ್ದೇನೆ. ಕಾಯಿನ್ ಇನ್ನೂ ಲಾಕ್‌ನಲ್ಲೇ ಇವೆ.

ರಘು ಅಣ್ಣ ಜೊತೆಗೆ ಬಂದು ಠಾಣೆಯಲ್ಲಿ ಮೂರು ಗಂಟೆ ಕೂತಿದ್ದರು. ವಕೀಲರು ಹೇಳಿದ ಹಾಗೆ ಪೂರ್ತಿ ಕಥೆ ಬರೆದು ಕೊಟ್ಟೆ. ಎರಡನೇ ಖಾತೆಯಲ್ಲಿ 13,400 ಹಿಡಿದಿಟ್ಟಿದ್ದಾರಂತೆ. ಉಳಿದದ್ದು ಅಷ್ಟರಲ್ಲಿ ಹೋಗಿತ್ತು.

ಕುವೆಂಪುನಗರ_ವಕೀಲ (6:48)

ಹಿಡಿದಿಟ್ಟ ದುಡ್ಡು ತಾನಾಗಿ ನಿನ್ನ ಖಾತೆಗೆ ಬರಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503ರ ಅಡಿ ಅರ್ಜಿ ಹಾಕಬೇಕಾಗಬಹುದು. ದೂರಿನ ಪ್ರತಿ, ಸ್ಟೇಟ್‌ಮೆಂಟ್ ತೆಗೆದುಕೊಂಡು ಬಾ, ನೋಡೋಣ.

ಶ್ರೀರಂಗಪಟ್ಟಣ_ಮೊಬೈಲ್ಸ್ (7:05)

ಆ 13,400ದ ಖಾತೆಯವರು ಯಾರು ಅಂತ ಗೊತ್ತಾಯಿತಾ?

ಹೊಳಲು_ಹುಡುಗ (7:11)

ಇಲ್ಲ ಸಾರ್. ಬೇರೆ ರಾಜ್ಯದ ಖಾತೆ ಅಂದರು ಅಷ್ಟೇ. ನಿಮ್ಮ ಮಾತು ನೆನಪಿತ್ತು. ದೂರಿನ ಕೊನೆಯಲ್ಲಿ 'ಈ ಖಾತೆಯವರೂ ಕಾಯಿನ್ ಮಾರಿ ಮೋಸ ಹೋಗಿರಬಹುದು, ಅವರ ಆರ್ಡರ್ ದಾಖಲೆ ಕೇಳಿ ನೋಡಿ' ಅಂತ ಒಂದು ಸಾಲು ಸೇರಿಸಿದೆ.

ಶ್ರೀರಂಗಪಟ್ಟಣ_ಮೊಬೈಲ್ಸ್ (7:14)

ನನ್ನ ಮೇಲೆ ದೂರು ಕೊಟ್ಟ ಆ ಹೆಣ್ಣುಮಗಳೂ ಹಾಗೆ ಒಂದು ಸಾಲು ಬರೆದಿದ್ದರೆ ಎಷ್ಟೋ ಆಗ್ತಿತ್ತು. ಒಳ್ಳೆಯದಾಗಲಿ ತಮ್ಮಾ.